ವಿಭಾಗ ಮುಖ್ಯಸ್ಥರ ಬಜೆಟ್ ಬೇಡಿಕೆ ಸಕಾಲಕ್ಕೆ ಬರಬೇಕಾದರೆ ಸುತ್ತೋಲೆ ಹೇಗಿರಬೇಕು?

ಕಡತಪಾಲಕಿ

ಜಿಲ್ಲಾ ಕೇಂದ್ರವೊಂದರ ಖಾಸಗಿ ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜಿನ ಲೆಕ್ಕಪತ್ರ ಶಾಖೆಯಲ್ಲಿದ್ದೇನೆ. 2026-27ರ ಆಯವ್ಯಯಕ್ಕಾಗಿ ವಿಭಾಗ ಮುಖ್ಯಸ್ಥರಿಂದ ಬೇಡಿಕೆ ತರಿಸಿಕೊಳ್ಳುವ ಸುತ್ತೋಲೆಯನ್ನೂ ಅದರ ವೇಳಾಪಟ್ಟಿಯನ್ನೂ ಸಿದ್ಧಪಡಿಸುವ ಕೆಲಸ ಈ ಸಲ ನನ್ನ ಮೇಜಿಗೆ ಬಂದಿದೆ. ಹೋದ ವರ್ಷ ಜನವರಿ 16ರಂದು ಹೊರಟ ಸುತ್ತೋಲೆ ಹೀಗಿತ್ತು:

"ಎಲ್ಲ ವಿಭಾಗ ಮುಖ್ಯಸ್ಥರು 2025-26ನೇ ಸಾಲಿನ ತಮ್ಮ ವಿಭಾಗದ ಆಯವ್ಯಯ ಬೇಡಿಕೆಯನ್ನು ಅಗತ್ಯ ಸಮರ್ಥನೆ ಹಾಗೂ ಮೂರು ದರಪಟ್ಟಿಗಳೊಂದಿಗೆ ದಿನಾಂಕ 31-01-2025ರೊಳಗಾಗಿ ತಪ್ಪದೆ ಸಲ್ಲಿಸತಕ್ಕದ್ದು. ತಡವಾಗಿ ಬಂದ ಬೇಡಿಕೆಗಳನ್ನು ಪರಿಗಣಿಸಲಾಗುವುದಿಲ್ಲ."

ಆ ದಿನ ಸಂಜೆಯ ಹೊತ್ತಿಗೆ ನಾಲ್ಕು ವಿಭಾಗಗಳ ಪಟ್ಟಿ ಮಾತ್ರ ಬಂದಿತ್ತು. ಕೊನೆಯದು ಹಣಕಾಸು ಸಮಿತಿಯ ಸಭೆಗೆ ಮೂರು ದಿನವಿದ್ದಾಗ ಬಂತು. ಪರಿಗಣಿಸುವುದಿಲ್ಲ ಎಂದು ಬರೆದಿದ್ದರೂ ಎಲ್ಲವನ್ನೂ ಪರಿಗಣಿಸಲಾಯಿತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಂದ ಪಟ್ಟಿಗಳಾದರೂ ಒಂದರಂತೆ ಒಂದಿರಲಿಲ್ಲ. ಒಬ್ಬರು ಸಿಬ್ಬಂದಿಯ ಸಂಬಳವನ್ನೂ ಸೇರಿಸಿದ್ದರು, ಇನ್ನೊಬ್ಬರು ಒಂದೇ ಸಾಲಿನಲ್ಲಿ "ಪ್ರಯೋಗಾಲಯ ಅಭಿವೃದ್ಧಿ, 15 ಲಕ್ಷ" ಎಂದು ಬರೆದು ಸಹಿ ಮಾಡಿದ್ದರು. ಈ ಸಲ ಎಲ್ಲಿಂದ ಶುರು ಮಾಡಲಿ?

ತುಂಗಾತೀರ

ಬಹಳ ಸುಲಭ. ನಿಮಗೆ ಬೇಕಾದ ದಿನಕ್ಕಿಂತ ಹತ್ತು ದಿನ ಮುಂಚಿನ ದಿನಾಂಕ ಹಾಕಿ. ಜನವರಿ 31ಕ್ಕೆ ಬೇಕಿದ್ದರೆ 21 ಎಂದು ಬರೆಯಿರಿ. ಜೊತೆಗೆ ಒಂದು ವಿಭಾಗಕ್ಕಾದರೂ ನಿಜವಾಗಿಯೇ ಶೂನ್ಯ ಹಾಕಿ ತೋರಿಸಿ, ಮುಂದಿನ ವರ್ಷ ಎಲ್ಲರೂ ಓಡೋಡಿ ಬರುತ್ತಾರೆ. ನಾನಿದ್ದ ಕಾರ್ಖಾನೆಯಲ್ಲಿ ಹೀಗೆಯೇ ನಡೆಯುತ್ತಿತ್ತು.

ಹಳೆಯ ಖಜಾನೆ

ತುಂಗಾತೀರ ಅವರ ಸುಳ್ಳು ದಿನಾಂಕದ ಉಪಾಯ ಒಂದು ವರ್ಷ ನಡೆಯುತ್ತದೆ. ಎರಡನೆಯ ವರ್ಷ ಎಲ್ಲರಿಗೂ ಗೊತ್ತಾಗಿ, "ಅದು ಲೆಕ್ಕದವರ ದಿನಾಂಕ, ನಿಜವಾದದ್ದು ಇನ್ನೂ ಹತ್ತು ದಿನ ಇದೆ" ಎಂಬ ಮಾತು ಕಾರಿಡಾರಿನಲ್ಲಿ ಓಡಾಡುತ್ತದೆ. ಶೂನ್ಯ ಹಾಕುವುದಂತೂ ಆಗದ ಕೆಲಸ. ರಸಾಯನಶಾಸ್ತ್ರದ ಮುಖ್ಯಸ್ಥರು ತಡ ಮಾಡಿದರೆಂದು ವಿದ್ಯಾರ್ಥಿಗಳಿಗೆ ಆಮ್ಲ ಕೊಡದೆ ಪ್ರಯೋಗ ಮಾಡಿಸಲು ಸಾಧ್ಯವೇ?

ಮೇಡಂ, ನಾನು ಸರ್ಕಾರಿ ಇಲಾಖೆಯೊಂದರ ಲೆಕ್ಕ ಶಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ನಿಮ್ಮ ಹಳೆಯ ಸುತ್ತೋಲೆಯನ್ನು ಇನ್ನೊಮ್ಮೆ ಓದಿ ನೋಡಿ. ಹದಿನೈದು ದಿನ ಕೊಟ್ಟು ಮೂರು ದರಪಟ್ಟಿ ಕೇಳಿದ್ದೀರಿ. ಯಾವ ನಮೂನೆಯಲ್ಲಿ ಬರೆಯಬೇಕು ಎಂದಿಲ್ಲ, ಯಾವ ವೆಚ್ಚ ವಿಭಾಗದ್ದು ಯಾವುದು ಕಾಲೇಜಿನದು ಎಂದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಈ ವರ್ಷ ಅವರ ವಿಭಾಗಕ್ಕೆ ಎಷ್ಟು ಮಂಜೂರಾಗಿತ್ತು, ಅದರಲ್ಲಿ ಎಷ್ಟು ಖರ್ಚಾಗಿದೆ ಎಂಬ ಅಂಕಿಯೇ ಅವರ ಕೈಯಲ್ಲಿಲ್ಲ. ಅದು ಇರುವುದು ನಿಮ್ಮ ಲೆಡ್ಜರಿನಲ್ಲಿ. ನಿಮ್ಮಲ್ಲಿರುವ ಅಂಕಿಯನ್ನು ಅವರಿಂದ ಕೇಳಿದರೆ ಅವರು ಹಳೆಯ ಕಡತ ಹುಡುಕುತ್ತಾ ಕೂರುತ್ತಾರೆ, ಇಲ್ಲವೇ ಅಂದಾಜಿನ ಮೇಲೆ ಒಂದು ದುಂಡನೆಯ ಮೊತ್ತ ಬರೆಯುತ್ತಾರೆ. "15 ಲಕ್ಷ" ಹುಟ್ಟುವುದು ಹೀಗೆಯೇ.

ಆದ್ದರಿಂದ ಸುತ್ತೋಲೆಗೆ ಮೊದಲು ಹಾಳೆ ಸಿದ್ಧವಾಗಬೇಕು. ಪ್ರತಿ ವಿಭಾಗಕ್ಕೂ ಅದರದೇ ಹೆಸರಿನ ಒಂದು ಹಾಳೆ. ಅದರಲ್ಲಿ 2024-25ರ ವಾಸ್ತವಿಕ ವೆಚ್ಚ, 2025-26ರ ಮಂಜೂರಾತಿ, ನವೆಂಬರ್ 30ರವರೆಗಿನ ವೆಚ್ಚ, ಖರೀದಿ ಆದೇಶ ಹೊರಟು ಬಿಲ್ ಪಾವತಿಯಾಗದ ಬಾಕಿ, ಈ ನಾಲ್ಕು ಕಾಲಂಗಳನ್ನು ನೀವೇ ತುಂಬಿ ಕಳುಹಿಸಿ. ಅವರು ತುಂಬಬೇಕಾದದ್ದು ಮೂರೇ ಕಾಲಂ: ಮಾರ್ಚ್ ಕೊನೆಯವರೆಗೆ ಇನ್ನೆಷ್ಟು ಬೇಕು, ಮುಂದಿನ ವರ್ಷಕ್ಕೆ ಎಷ್ಟು, ಏಕೆ. ಸಂಬಳದ ಸಾಲನ್ನು ಆ ಹಾಳೆಯಲ್ಲಿ ಇಡಲೇಬೇಡಿ. ಅದು ಅಲ್ಲಿ ಕಂಡರೆ ಯಾರಾದರೊಬ್ಬರು ತುಂಬಿಯೇ ತುಂಬುತ್ತಾರೆ.

ಬ್ಯೂರೆಟ್

ನಾನು ಆಮ್ಲ ಕೇಳುವ ಆ ರಸಾಯನಶಾಸ್ತ್ರದವಳೇ, ಬೇರೆ ಕಾಲೇಜಿನ ಮುಖ್ಯಸ್ಥೆ. ಹಳೆಯ ಖಜಾನೆ ಸರ್ ಹೇಳಿದ್ದು ನಮ್ಮ ಮನಸ್ಸಿನ ಮಾತು. ಇನ್ನೊಂದು ಸೇರಿಸುತ್ತೇನೆ. ಬಜೆಟ್ ಹಂತದಲ್ಲಿ ಮೂರು ದರಪಟ್ಟಿ ಕೇಳುವುದೇ ತಡಕ್ಕೆ ಮುಖ್ಯ ಕಾರಣ. ಮಾರಾಟಗಾರರಿಗೆ ಮೇಲ್ ಕಳುಹಿಸಿದರೆ ಮೊದಲನೆಯವರು ವಾರದೊಳಗೆ ಕೊಡುತ್ತಾರೆ, ಎರಡನೆಯವರು ಎರಡು ವಾರ ಎಳೆಯುತ್ತಾರೆ, ಮೂರನೆಯವರು "ಆರ್ಡರ್ ಖಚಿತವೇ ಮೇಡಂ?" ಎಂದು ಕೇಳಿ ಸುಮ್ಮನಾಗುತ್ತಾರೆ. ಜನವರಿಯಲ್ಲಿ ತಂದ ದರಪಟ್ಟಿಗೆ ತೊಂಬತ್ತು ದಿನದ ಅವಧಿ ಇದ್ದರೂ, ಹಣ ಮಂಜೂರಾಗಿ ಜೂನ್‌ನಲ್ಲಿ ಖರೀದಿಗೆ ಹೋಗುವಾಗ ಅದು ಸತ್ತಿರುತ್ತದೆ. ಮತ್ತೆ ಮೂರು ತರಬೇಕು. ಒಂದೇ ಕೆಲಸವನ್ನು ಎರಡು ಸಲ ಮಾಡಿಸಿ, ಮೊದಲ ಸಲ ತಡವಾಯಿತೆಂದು ಬೈಸಿಕೊಳ್ಳುವವರು ನಾವು.

ಅಂದಾಜಿಗೆ ಒಂದು ದರಪಟ್ಟಿ ಸಾಕು, ಸ್ಪರ್ಧಾತ್ಮಕ ದರ ಖರೀದಿಯ ಹೊತ್ತಿಗೆ ತರಿಸಿ. ಅದರಲ್ಲೂ ಐವತ್ತು ಸಾವಿರಕ್ಕಿಂತ ಕಡಿಮೆಯ ವಸ್ತುವಿಗೆ ಹಿಂದಿನ ಬಿಲ್ ಸಂಖ್ಯೆ ಬರೆದರೆ ಸಾಲದೇ?

ಹಳೆಯ ಖಜಾನೆ

ಸಾಕು, ಖಂಡಿತ ಸಾಕು. ಆದರೆ ಆ ಒಂದು ದರಪಟ್ಟಿಯಲ್ಲಿ ಜಿಎಸ್‌ಟಿ ಸೇರಿದೆಯೇ ಎಂಬುದನ್ನು ಹಾಳೆಯೇ ಕೇಳಬೇಕು. ಮೂಲ ಬೆಲೆಗೊಂದು ಕಾಲಂ, ತೆರಿಗೆಗೊಂದು, ಒಟ್ಟಿಗೊಂದು. ಆರೂವರೆ ಲಕ್ಷದ ಉಪಕರಣಕ್ಕೆ ಶೇ 18ರಂತೆ 1,17,000 ಸೇರಿದರೆ 7,67,000 ಆಗುತ್ತದೆ. ಶಿಕ್ಷಣ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಕಾಲೇಜು ಕಟ್ಟಿದ ಈ ತೆರಿಗೆ ಹೂಡುವಳಿ ತೆರಿಗೆ ಜಮೆಯಾಗಿ ಹಿಂದಿರುಗಿ ಬರುವುದಿಲ್ಲ, ಪೂರ್ತಿ ವೆಚ್ಚವೇ. ತೆರಿಗೆ ಮರೆತ ಬೇಡಿಕೆ ಮಂಜೂರಾದರೆ ಖರೀದಿಯ ಹೊತ್ತಿಗೆ ಹಣ ಸಾಲದೆ ಕಡತ ಮತ್ತೆ ಸಮಿತಿಗೆ ಹೋಗುತ್ತದೆ.

ನಲಿಕಲಿ ಗುರು

ನಮ್ಮ ಪ್ರೌಢಶಾಲೆಗೂ ಇದೇ ತೊಂದರೆ. ಮಾರ್ಚ್ 31ರೊಳಗೆ ಅನುದಾನ ಖರ್ಚು ಮಾಡಲೇಬೇಕು, ಇಲ್ಲವಾದರೆ ವಾಪಸ್ ಹೋಗುತ್ತದೆ. ಕೊನೆಯ ವಾರದಲ್ಲಿ ಅಂಗಡಿಯವರು ಸಾಮಾನು ಕೊಡುವುದಿಲ್ಲ, ಬಿಲ್ ಮಾತ್ರ ಕೊಡುತ್ತಾರೆ. ಇದಕ್ಕೆ ಏನು ವೇಳಾಪಟ್ಟಿ ಹಾಕಬೇಕು?

ಹಳೆಯ ಖಜಾನೆ

ಗುರುಗಳೇ, ಅದು ಕೊಟ್ಟ ಹಣವನ್ನು ಖರ್ಚು ಮಾಡುವ ಪ್ರಶ್ನೆ. ಇಲ್ಲಿ ಕೇಳಿರುವುದು ಮುಂದಿನ ವರ್ಷದ ಹಣವನ್ನು ಕೇಳುವ ಬಗೆ. ಸಾಮಾನು ಬಾರದ ಬಿಲ್ಲನ್ನು ಮಾತ್ರ ದಾಸ್ತಾನು ಪುಸ್ತಕಕ್ಕೆ ಏರಿಸಬೇಡಿ, ಲೆಕ್ಕಪರಿಶೋಧನೆಯವರು ಮೊದಲು ನೋಡುವುದೇ ಅದನ್ನು. ಆದರೂ ನಿಮ್ಮ ಮಾತಿನಲ್ಲಿ ಮೇಡಂಗೆ ಬೇಕಾದದ್ದು ಒಂದಿದೆ: ಮಾರ್ಚ್‌ನಲ್ಲಿ ಆದೇಶ ಹೊರಟು ಏಪ್ರಿಲ್‌ನಲ್ಲಿ ಬರುವ ಸಾಮಾನಿನ ಹಣ ಯಾವ ವರ್ಷದ್ದು ಎಂಬುದನ್ನು ಸುತ್ತೋಲೆಯಲ್ಲಿ ಹೇಳದಿದ್ದರೆ ಕೆಲವರು ಎರಡೂ ವರ್ಷ ಬರೆಯುತ್ತಾರೆ, ಕೆಲವರು ಯಾವುದರಲ್ಲೂ ಬರೆಯುವುದಿಲ್ಲ. "ಮಾರ್ಚ್ 31ರೊಳಗೆ ಸಾಮಾನು ಕೈಸೇರದ ಆದೇಶಗಳನ್ನು ಮುಂದಿನ ವರ್ಷದ ಹಾಳೆಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ" ಎಂಬ ಒಂದು ವಾಕ್ಯ ಸಾಕು.

ಕಡತಪಾಲಕಿ

ಹಾಳೆ ತುಂಬಿ ಕಳುಹಿಸುವ ಮಾತು ಒಪ್ಪಿದೆ. ಇನ್ನು ದಿನಾಂಕಗಳು. ನಮ್ಮ ಆಡಳಿತ ಮಂಡಳಿಯ ಸಭೆ 2026ರ ಮಾರ್ಚ್ 13ಕ್ಕೆ, ಹಣಕಾಸು ಸಮಿತಿ ಫೆಬ್ರವರಿ 27ಕ್ಕೆ ನಿಗದಿಯಾಗಿದೆ. ಸಮಿತಿಯಲ್ಲಿ ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿಯೂ ಸದಸ್ಯರಾದ್ದರಿಂದ ಆ ದಿನವನ್ನು ಅಲುಗಾಡಿಸುವ ಹಾಗಿಲ್ಲ. ನಮ್ಮ ಸೆಮಿಸ್ಟರ್ ಪರೀಕ್ಷೆ ಡಿಸೆಂಬರ್ ಕೊನೆಯ ವಾರದಿಂದ ಜನವರಿ 10ರವರೆಗೆ. ಆಮೇಲೆ ಮೌಲ್ಯಮಾಪನ.

ಹಳೆಯ ಖಜಾನೆ

ಅಲುಗಾಡದ ದಿನ ಸಿಕ್ಕಿತಲ್ಲ, ಅಲ್ಲಿಂದ ಹಿಂದಕ್ಕೆ ನಡೆಯೋಣ. ಕೇಂದ್ರ ಸರ್ಕಾರದಲ್ಲೂ ಹೀಗೆಯೇ. 2017ರಿಂದ ಮಂಡನೆ ಫೆಬ್ರವರಿ 1ಕ್ಕೆ ಬಂದದ್ದರಿಂದ ಸಚಿವಾಲಯಗಳಿಗೆ ಬಜೆಟ್ ಸುತ್ತೋಲೆ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೇ ಹೊರಡುತ್ತದೆ, ಅಕ್ಟೋಬರಿನಲ್ಲಿ ಪರಿಷ್ಕೃತ ಅಂದಾಜಿನ ಚರ್ಚೆಗಳು ಆರಂಭವಾಗುತ್ತವೆ. ನಿಮ್ಮದು ಸಣ್ಣ ಮನೆ, ಅಷ್ಟು ತಿಂಗಳು ಬೇಡ.

ಫೆಬ್ರವರಿ 27ರ ಸಭೆಗೆ ಸದಸ್ಯರ ಕೈಗೆ ಕಡತ ಹತ್ತು ದಿನ ಮೊದಲು ಸೇರಬೇಕು, ಅಂದರೆ 17, ಮಂಗಳವಾರ. ಅದಕ್ಕೆ ಮೊದಲು ನಿಮಗೆ ಎಲ್ಲವನ್ನೂ ಕ್ರೋಡೀಕರಿಸಲು, ಪ್ರಾಂಶುಪಾಲರು ನೋಡಿ ತಿದ್ದಲು ಒಂದು ಪೂರ್ತಿ ವಾರ. ಶಿವರಾತ್ರಿ ಭಾನುವಾರವೇ ಬಿದ್ದಿರುವುದರಿಂದ ನಷ್ಟವಿಲ್ಲ. ಅದರ ಹಿಂದೆ, ಫೆಬ್ರವರಿ 2ರಿಂದ 6ರವರೆಗೆ, ಮುಖ್ಯಸ್ಥರೊಂದಿಗೆ ಮುಖಾಮುಖಿ ಚರ್ಚೆ. ದಿನಕ್ಕೆ ಮೂರು ವಿಭಾಗ, ತಲಾ ನಲವತ್ತು ನಿಮಿಷ. ಚರ್ಚೆಗೆ ಕೂರುವ ಮೊದಲು ನೀವು ಹಾಳೆಗಳನ್ನು ಪರಿಶೀಲಿಸಿ ಪ್ರಶ್ನೆ ಬರೆದು ಹಿಂದಿರುಗಿಸಬೇಕಲ್ಲ, ಅದಕ್ಕೆ ಜನವರಿ 28. ಹೀಗೆ ಬಂದರೆ ಬೇಡಿಕೆ ಕೈಸೇರಬೇಕಾದ ದಿನ ಜನವರಿ 21, ಬುಧವಾರ. ಸೋಮವಾರ ಬೇಡ, ಶುಕ್ರವಾರವೂ ಬೇಡ. ಬುಧವಾರ ಕೊಟ್ಟರೆ ಮರುದಿನ ನೆನಪಿಸಲು ಎರಡು ಕೆಲಸದ ದಿನಗಳು ಉಳಿಯುತ್ತವೆ. ಮುಂದಿನ ಸೋಮವಾರ ಗಣರಾಜ್ಯೋತ್ಸವದ ರಜೆ, ಅಷ್ಟರೊಳಗೆ ಬಾರದಿದ್ದದ್ದು ವಾರ ಹಾರಿಹೋಯಿತೆಂದೇ ಲೆಕ್ಕ.

ಪರೀಕ್ಷೆ ನಡುವೆ ಬರುವುದರಿಂದ ಸುತ್ತೋಲೆ ಪರೀಕ್ಷೆಗೆ ಮೊದಲೇ ಹೋಗಲಿ: ಡಿಸೆಂಬರ್ 8, ಸೋಮವಾರ. ನವೆಂಬರ್ ಲೆಕ್ಕ ಮುಗಿಸಲು ನಿಮಗೆ ಒಂದು ವಾರ ಸಿಕ್ಕಿತು. ಡಿಸೆಂಬರ್ 19ರೊಳಗೆ ಅವರು ಮಾಡಬೇಕಾದದ್ದು ಒಂದೇ, ನೀವು ತುಂಬಿದ ಅಂಕಿಗಳಲ್ಲಿ ತಪ್ಪಿದ್ದರೆ ತಿಳಿಸುವುದು. ಈ ಮೊದಲ ದಿನಾಂಕವನ್ನು ಬಿಡಬೇಡಿ. ಅವರು ಒಮ್ಮೆ ಹಾಳೆ ತೆರೆದು ನೋಡಿದರೆ ಅರ್ಧ ಕೆಲಸ ಆದಂತೆ. ತೆರೆಯದೆಯೇ ಇಟ್ಟವರು ಯಾರೆಂಬುದು ಡಿಸೆಂಬರಿನಲ್ಲೇ ನಿಮಗೆ ಗೊತ್ತಾಗುತ್ತದೆ, ಜನವರಿ 21ರ ಸಂಜೆ ಅಲ್ಲ.

ಗಣಕ ಕೋಣೆ

ದಿನಾಂಕಗಳನ್ನು ಬೆರಳೆಣಿಸಿ ಬರೆಯುವುದಕ್ಕಿಂತ ಹಾಳೆಯಲ್ಲೇ ಸೂತ್ರ ಹಾಕಿಡಿ. ಸಭೆಯ ದಿನ ಬದಲಾದರೆ ಉಳಿದವು ತಾವೇ ಬದಲಾಗುತ್ತವೆ. B2ರಲ್ಲಿ ಸಮಿತಿ ಸಭೆಯ ದಿನ, H ಕಾಲಂನಲ್ಲಿ ರಜಾ ಪಟ್ಟಿ ಇದ್ದರೆ:

```
=WORKDAY.INTL(B2,-9,11,H2:H12)
```

11 ಎಂದರೆ ಭಾನುವಾರ ಮಾತ್ರ ವಾರದ ರಜೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಿದ್ದರೆ ಅವನ್ನು H ಕಾಲಂಗೆ ಸೇರಿಸಿ. ಫೆಬ್ರವರಿ 27 ಹಾಕಿದರೆ 17 ಬರುತ್ತದೆ, ಸರ್ ಹೇಳಿದ ದಿನವೇ.

ಅದಿರಲಿ, ನನ್ನ ಅನುಭವದಲ್ಲಿ ನಿಜವಾದ ಕಾಟ ಬೇರೆ ಇದೆ. ವಿಭಾಗದವರು ಮೊತ್ತದ ಜಾಗದಲ್ಲಿ "85,000/-" ಎಂದು ಬರೆಯುತ್ತಾರೆ. ಚೆಕ್ ಬರೆಯುವ ಅಭ್ಯಾಸ. ಎಕ್ಸೆಲ್‌ಗೆ ಅದು ಸಂಖ್ಯೆಯಲ್ಲ, ಅಕ್ಷರ. SUM ಅದನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ, ದೋಷ ಎಂದೂ ತೋರಿಸುವುದಿಲ್ಲ. ಒಟ್ಟು 7,25,000 ಇರಬೇಕಾದಲ್ಲಿ 6,40,000 ಬರುತ್ತದೆ, ಮಂಜೂರಾತಿಯೂ ಅಷ್ಟಕ್ಕೇ ಆಗುತ್ತದೆ. "2.5 ಲಕ್ಷ" ಎಂದು ಬರೆದರೂ ಇದೇ ಕಥೆ. ಕಣ್ಣಿಗೆ ಕಾಣುವ ಗುರುತೆಂದರೆ, ಅಂಥ ಮೊತ್ತ ಕೋಶದ ಎಡಕ್ಕೆ ಅಂಟಿಕೊಂಡಿರುತ್ತದೆ, ಸಂಖ್ಯೆಯಾದರೆ ಬಲಕ್ಕೆ. ಪ್ರತಿ ಹಾಳೆಯ ತಳದಲ್ಲಿ ಇದನ್ನು ಇಡಿ:

```
=COUNTA(F6:F40)-COUNT(F6:F40)
```

ಸೊನ್ನೆ ಬಂದರೆ ಸರಿ. ಬೇರೇನಾದರೂ ಬಂದರೆ ಅಷ್ಟು ಕೋಶಗಳಲ್ಲಿ ಅಕ್ಷರ ಕುಳಿತಿದೆ ಎಂದರ್ಥ. ಇನ್ನೂ ಒಳ್ಳೆಯದು, ಡೇಟಾ ವ್ಯಾಲಿಡೇಶನ್‌ನಲ್ಲಿ ಪೂರ್ಣಸಂಖ್ಯೆ ಮಾತ್ರ ಬರೆಯಲು ಬಿಡುವುದು, ನೀವು ತುಂಬಿದ ಕಾಲಂಗಳಿಗೆ ಬೀಗ ಹಾಕುವುದು. ಬೀಗ ಹಾಕದಿದ್ದರೆ ನಡುವೆ ಒಂದು ಸಾಲು ತೂರಿಸಿ ನಿಮ್ಮ ಕ್ರೋಡೀಕರಣ ಹಾಳೆಯನ್ನೆಲ್ಲ ಒಂದು ಮೆಟ್ಟಿಲು ಕೆಳಗಿಳಿಸುತ್ತಾರೆ. ಬೇಕೆಂದೇ ಯಾರೂ ಮಾಡುವುದಿಲ್ಲ, ಆದರೂ ಮಾಡುತ್ತಾರೆ.

ತುಂಗಾತೀರ

ಇಷ್ಟೆಲ್ಲ ಏಕೆ? ನವೆಂಬರ್‌ವರೆಗಿನ ಎಂಟು ತಿಂಗಳ ಖರ್ಚು ನಿಮ್ಮಲ್ಲಿದೆ. ಎಂಟರಿಂದ ಭಾಗಿಸಿ ಹನ್ನೆರಡರಿಂದ ಗುಣಿಸಿದರೆ ವರ್ಷದ ಖರ್ಚು. ಅದಕ್ಕೆ ಶೇ 10 ಸೇರಿಸಿದರೆ ಮುಂದಿನ ವರ್ಷದ ಬಜೆಟ್. ಮುಖ್ಯಸ್ಥರನ್ನು ಕೇಳುವ ಗೋಜೇ ಬೇಡ.

ಬ್ಯೂರೆಟ್

ವಿದ್ಯುತ್ ಬಿಲ್ಲಿಗೆ, ಪ್ರತಿ ತಿಂಗಳ ಇಂಟರ್‌ನೆಟ್ ಬಾಡಿಗೆಗೆ ನಿಮ್ಮ ಲೆಕ್ಕ ಸರಿ. ನಮಗೆ ಅದು ಹೊಂದುವುದಿಲ್ಲ ಸರ್. ನಮ್ಮ ವಿಭಾಗದ ರಾಸಾಯನಿಕ ಮತ್ತು ಗಾಜಿನ ಸಾಮಾನಿನ ಸಾಲನ್ನೇ ನೋಡಿ. ಈ ವರ್ಷದ ಮಂಜೂರಾತಿ 4,00,000. ನವೆಂಬರ್ ಕೊನೆಗೆ ಖರ್ಚು 3,12,000. ನೀವು ಹೇಳಿದಂತೆ ಲೆಕ್ಕ ಹಾಕಿದರೆ ವರ್ಷಕ್ಕೆ 4,68,000 ಆಗುತ್ತದೆ, ಮಂಜೂರಾದದ್ದನ್ನು ಮೀರಿದೆವು ಎಂದು ನನಗೆ ನೋಟಿಸ್ ಬರುತ್ತದೆ.

ಆದರೆ ಆ 3,12,000ದ ಬಹುಪಾಲು ಆಗಸ್ಟ್‌ನಲ್ಲೇ ಎರಡೂ ಸೆಮಿಸ್ಟರಿಗೆ ಸೇರಿಸಿ ಕೊಂಡದ್ದು. ಒಟ್ಟಿಗೆ ಕೊಂಡರೆ ದರ ಕಡಿಮೆ. ಇನ್ನು ನಾಲ್ಕು ತಿಂಗಳಿಗೆ ಬೇಕಾದದ್ದು ಒಡೆದ ಪಿಪೆಟ್, ಬೀಕರ್, ಆಮೇಲೆ ಬೇಗ ಕೆಡುವ ಕೆಲವು ರಾಸಾಯನಿಕ, ಎಲ್ಲ ಸೇರಿ 45,000. ಆದೇಶ ಹೊರಟು ಬಿಲ್ ಬಾರದಿರುವುದು 28,000. ಅಲ್ಲಿಗೆ ಪರಿಷ್ಕೃತ ಅಂದಾಜು 3,85,000. ನಾನು ಮೀರಿಲ್ಲ, 15,000 ಉಳಿಸಿದ್ದೇನೆ!

ಮುಂದಿನ ವರ್ಷಕ್ಕೂ ಶೇ 10 ಎಂದು ಬರೆದರೆ ತಪ್ಪಾಗುತ್ತದೆ. ಈ 3,85,000ದಲ್ಲಿ ಸುಮಾರು 3,00,000 ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ಏರಿಳಿಯುವುದು. 480 ಮಂದಿಗೆ ಹಂಚಿದರೆ ತಲಾ 625. ಹೊಸದಾಗಿ ಒಂದು ಸೆಕ್ಷನ್ ಬಂದು 540 ಆದರೆ 3,37,500. ಉಳಿದ 85,000 ಎಷ್ಟು ಮಂದಿ ಬಂದರೂ ಬದಲಾಗುವುದಿಲ್ಲ, ಬಟ್ಟಿ ಇಳಿಸಿದ ನೀರಿನ ಘಟಕದ ಬಿಡಿಭಾಗ, ತೂಕದ ಯಂತ್ರದ ಮಾಪನಾಂಕ ಪರೀಕ್ಷೆ ಇಂಥವು. ಒಟ್ಟು 4,22,500. ಆ ಸೆಕ್ಷನ್‌ಗೆ ಅನುಮತಿ ಬಾರದಿದ್ದರೆ 3,85,000 ಸಾಕು. ಈ ಷರತ್ತನ್ನು ಬರೆಯಲು ಹಾಳೆಯಲ್ಲಿ ಜಾಗ ಬೇಕು. ಶೇ 10 ಹಾಕಿದ್ದರೆ 5,14,800 ಆಗುತ್ತಿತ್ತು. ಅಷ್ಟು ಹಣ ಕೊಟ್ಟರೆ ಬೇಡವೆನ್ನುವ ಮುಖ್ಯಸ್ಥರು ಯಾರೂ ಇಲ್ಲ, ನಾನೂ ಅನ್ನುವುದಿಲ್ಲ.

ತುಂಗಾತೀರ

ಒಪ್ಪಿದೆ ಮೇಡಂ. ಆದರೆ ಎಲ್ಲ ಮುಖ್ಯಸ್ಥರೂ ನಿಮ್ಮ ಹಾಗೆ ಪಿಪೆಟ್ ಎಣಿಸುವವರಲ್ಲ. ಎಣಿಸದವರಿಗೆ ನನ್ನ ಸೂತ್ರವೇ ಇರಲಿ.

ಕಡತಪಾಲಕಿ

ಬ್ಯೂರೆಟ್ ಮೇಡಂ, ನಿಮ್ಮ ಉದಾಹರಣೆಯನ್ನೇ ಹೆಸರು ತೆಗೆದು ಮಾದರಿ ಹಾಳೆಯಾಗಿ ಸುತ್ತೋಲೆಗೆ ಲಗತ್ತಿಸಬಹುದೇ? ಇಲ್ಲಿಯವರೆಗೆ ಬರೆದದ್ದು ಹೀಗಿದೆ, ಕಿತ್ತುಹಾಕಬೇಕಾದದ್ದನ್ನು ಹೇಳಿ:

"2026-27ರ ಆಯವ್ಯಯಕ್ಕಾಗಿ ತಮ್ಮ ವಿಭಾಗದ ಹಾಳೆಯನ್ನು ಲಗತ್ತಿಸಿದೆ. ಹಳದಿ ಕಾಲಂಗಳನ್ನು ಲೆಕ್ಕ ಶಾಖೆ ತುಂಬಿದೆ. ಅವುಗಳಲ್ಲಿ ತಪ್ಪು ಕಂಡರೆ ಡಿಸೆಂಬರ್ 19ರೊಳಗೆ ತಿಳಿಸಿ. ತಪ್ಪಿಲ್ಲದಿದ್ದರೂ 'ಸರಿಯಿದೆ' ಎಂದು ಉತ್ತರಿಸಿ. ಬಿಳಿ ಕಾಲಂಗಳನ್ನು ತುಂಬಿ ಜನವರಿ 21ರ ಸಂಜೆ 5ರೊಳಗೆ ಕಳುಹಿಸಿ. ಸಂಬಳ, ವಿದ್ಯುತ್, ಕಟ್ಟಡ ದುರಸ್ತಿ ಬರೆಯಬೇಡಿ. ಅವನ್ನು ಕಾಲೇಜು ಮಟ್ಟದಲ್ಲಿ ಲೆಕ್ಕ ಹಾಕಲಾಗುತ್ತದೆ. ಹೊಸ ಉಪಕರಣಕ್ಕೆ ಒಂದೇ ದರಪಟ್ಟಿ ಸಾಕು. ಜಿಎಸ್‌ಟಿ ಪ್ರತ್ಯೇಕವಾಗಿ ತೋರಿಸಿ. ಪ್ರತಿ ಹೊಸ ಬೇಡಿಕೆಯ ಎದುರು, ಅದು ಸಿಗದಿದ್ದರೆ ಯಾವ ಪ್ರಯೋಗ ಅಥವಾ ಕೆಲಸ ನಿಲ್ಲುತ್ತದೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ. ಜನವರಿ 23ರವರೆಗೂ ಹಾಳೆ ಬಾರದಿದ್ದರೆ, ಆವರ್ತಕ ವೆಚ್ಚಕ್ಕೆ ಈ ವರ್ಷದ ಪರಿಷ್ಕೃತ ಅಂದಾಜನ್ನು ಲೆಕ್ಕ ಶಾಖೆಯೇ ಹಾಕುತ್ತದೆ; ಹೊಸ ಉಪಕರಣವನ್ನು ಸೇರಿಸುವುದಿಲ್ಲ."

ಹಳೆಯ ಖಜಾನೆ

ಚೆನ್ನಾಗಿದೆ. "ಸಲ್ಲಿಸತಕ್ಕದ್ದು" ಹೋಗಿ "ಕಳುಹಿಸಿ" ಬಂದಿದೆ. 'ಸರಿಯಿದೆ' ಎಂದಾದರೂ ಉತ್ತರಿಸಿ ಎಂದು ಕೇಳಿದ್ದು ಜಾಣತನ. ಎರಡು ತಿದ್ದುಪಡಿ. ಚರ್ಚೆಗೆ ಪ್ರತಿ ವಿಭಾಗದ ದಿನ ಮತ್ತು ಗಂಟೆಯನ್ನು ಈಗಲೇ ಬರೆದು ಕೊಡಿ. ಫೆಬ್ರವರಿ 3ರ ಬೆಳಿಗ್ಗೆ 11ಕ್ಕೆ ಪ್ರಾಂಶುಪಾಲರ ಎದುರು ಕೂರಬೇಕು ಎಂದು ಗೊತ್ತಿರುವವರು ಜನವರಿ 21ನ್ನು ಮರೆಯುವುದು ಅಪರೂಪ. ಎರಡನೆಯದು, ಮಾರ್ಚ್ 13ರ ನಂತರ ಯಾವ ದಿನ ಮಂಜೂರಾತಿ ಪತ್ರ ಅವರ ಕೈಗೆ ಬರುತ್ತದೆ ಎಂಬುದನ್ನೂ ಬರೆಯಿರಿ. 19ಕ್ಕೆ ಯುಗಾದಿ, ಹಾಗಾಗಿ 25 ಎನ್ನಿ. ದಿನಾಂಕಗಳೆಲ್ಲ ಅವರಿಗೇ ಅಂಟಿ, ಲೆಕ್ಕ ಶಾಖೆಗೆ ಒಂದೂ ಇಲ್ಲದಿದ್ದರೆ ಆ ವೇಳಾಪಟ್ಟಿಯನ್ನು ಯಾರೂ ನಂಬುವುದಿಲ್ಲ.

ಬ್ಯೂರೆಟ್

ಮಾದರಿಗೆ ಧಾರಾಳವಾಗಿ ಬಳಸಿ. ಆದರೆ ಕೊನೆಯ ವಾಕ್ಯಕ್ಕೆ ನನ್ನ ತಕರಾರಿದೆ. ತಡ ಮಾಡಿದ್ದು ಮುಖ್ಯಸ್ಥರು, ಉಪಕರಣ ಕಳೆದುಕೊಳ್ಳುವುದು ವಿದ್ಯಾರ್ಥಿಗಳು. ನಮ್ಮಲ್ಲಿ ಹೀಗೊಂದು ನಿಯಮ ಬಂದಾಗ, ಪಠ್ಯಕ್ರಮ ಬದಲಾಗಿ ಹೊಸ ಪ್ರಯೋಗ ಸೇರಿದ ವರ್ಷವೇ ಒಂದು ವಿಭಾಗಕ್ಕೆ ಉಪಕರಣ ತಪ್ಪಿತು. ವಿದ್ಯಾರ್ಥಿಗಳು ಆ ಪ್ರಯೋಗವನ್ನು ಚಿತ್ರ ನೋಡಿ ಬರೆದರು.

ಹಳೆಯ ಖಜಾನೆ

ಹಾಗಾದರೆ ಹಳೆಯದರಂತೆ ಇದೂ ಬರೀ ಬೆದರಿಕೆಯಾಗಿ ಉಳಿಯುತ್ತದಲ್ಲ ಮೇಡಂ. ತಡವಾದದ್ದಕ್ಕೆ ಏನೂ ಆಗುವುದಿಲ್ಲ ಎಂದರೆ, ಪರೀಕ್ಷೆಯ ನಡುವೆ ರಾತ್ರಿ ಕುಳಿತು ಹಾಳೆ ತುಂಬಿದ ಮುಖ್ಯಸ್ಥರಿಗೆ ಯಾವ ನ್ಯಾಯ ಸಿಕ್ಕಂತಾಯಿತು? ಹೊಸ ಉಪಕರಣ ಕೈತಪ್ಪಲಿ, ಪ್ರಯೋಗ ನಿಲ್ಲುವಂಥದ್ದಿದ್ದರೆ ಸೆಪ್ಟೆಂಬರಿನ ಸಮಿತಿ ಸಭೆಗೆ ಪೂರಕ ಬೇಡಿಕೆಯಾಗಿ ಬರಲಿ. ನಿಮ್ಮ ಸಮಿತಿ ವರ್ಷಕ್ಕೆ ಎರಡು ಸಲವಾದರೂ ಸೇರಲೇಬೇಕಲ್ಲ.

ಬ್ಯೂರೆಟ್

ಸೆಪ್ಟೆಂಬರಿನಲ್ಲಿ ಮಂಜೂರಾದರೆ ಉಪಕರಣ ಬರುವುದು ಡಿಸೆಂಬರಿಗೆ. ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ನಾನು ಒಪ್ಪುವುದಿಲ್ಲ.

ಪುಸ್ತಕದ ಕಪಾಟು

ನಡುವೆ ಬಾಯಿ ಹಾಕುತ್ತಿದ್ದೇನೆ, ನಾನು ಗ್ರಂಥಪಾಲಕ. ಇಷ್ಟು ದಿನಾಂಕಗಳಲ್ಲಿ ಗ್ರಂಥಾಲಯದ ಮಾತೇ ಬರಲಿಲ್ಲ. ನಮ್ಮ ನಿಯತಕಾಲಿಕಗಳ ಚಂದಾ ನಡೆಯುವುದು ಜನವರಿಯಿಂದ ಡಿಸೆಂಬರ್‌ವರೆಗೆ. ನವೀಕರಣದ ಬಿಲ್ ನವೆಂಬರ್–ಡಿಸೆಂಬರಿನಲ್ಲೇ ಬರುತ್ತದೆ, ವಿದೇಶಿ ಪತ್ರಿಕೆಗಳಾದರೆ ಡಾಲರಿನಲ್ಲಿ. ನಿಮ್ಮ ನವೆಂಬರ್ 30ರ ಅಂಕಿಯಲ್ಲಿ ಅದು ಒಂದು ವರ್ಷ ಸೇರಿರುತ್ತದೆ, ಮರುವರ್ಷ ಹತ್ತು ದಿನ ತಡವಾಗಿ ಸೇರಿರುವುದಿಲ್ಲ. ಪರಿಷ್ಕೃತ ಅಂದಾಜು ಸುಮ್ಮನೆ ಕುಣಿಯುತ್ತದೆ. ನನಗೆ ಬೇರೆ ಹಾಳೆ, ಬೇರೆ ದಿನಾಂಕ ಬೇಕು ಎಂದು ಕೇಳಿದರೆ "ಎಲ್ಲರಿಗೂ ಒಂದೇ ನಮೂನೆ" ಎನ್ನುತ್ತಾರೆ.

ಗಣಕ ಕೋಣೆ

ಗ್ರಂಥಾಲಯದ ಹಾಳೆಯಲ್ಲಿ ಚಂದಾ ಸಾಲಿನ ಎದುರು "ಪಾವತಿಯಾಗಿದೆ / ಇಲ್ಲ" ಎಂಬ ಒಂದು ಕಾಲಂ ಹೆಚ್ಚು ಹಾಕಿದರೆ ಮುಗಿಯಿತು. ಡಾಲರ್ ಮೊತ್ತವನ್ನೂ ಲೆಕ್ಕ ಹಾಕಿದ ವಿನಿಮಯ ದರವನ್ನೂ ಬೇರೆ ಬೇರೆ ಕೋಶದಲ್ಲಿ ಬರೆಸಿ. ದರ ಬದಲಾದಾಗ ಒಂದೇ ಕಡೆ ತಿದ್ದಬಹುದು.

ಕಡತಪಾಲಕಿ

ಎಲ್ಲರಿಗೂ ಧನ್ಯವಾದ. ಇವತ್ತು ಕರಡನ್ನು ಪ್ರಾಂಶುಪಾಲರ ಮುಂದಿಟ್ಟೆ. ಡಿಸೆಂಬರ್ 19 ಮತ್ತು ಚರ್ಚೆಯ ಗಂಟೆಗಳನ್ನು ಮರುಮಾತಿಲ್ಲದೆ ಒಪ್ಪಿದರು. ಒಂದೇ ದರಪಟ್ಟಿಯ ಮಾತಿಗೆ ಐದು ಲಕ್ಷದ ಮಿತಿ ಹಾಕಿದರು, ಅದಕ್ಕಿಂತ ಹೆಚ್ಚಿನದಕ್ಕೆ ಎರಡು ಬೇಕಂತೆ. ತಡವಾದವರ ಉಪಕರಣದ ವಾಕ್ಯದ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು "ಚರ್ಚಿಸಿ" ಎಂದು ಬರೆದಿದ್ದಾರೆ. ಗುರುವಾರ ಮುಖ್ಯಸ್ಥರ ಸಭೆಯಲ್ಲಿ ಅದನ್ನು ಅವರ ಮುಂದೆಯೇ ಇಡುತ್ತೇವೆ. ಪುಸ್ತಕದ ಕಪಾಟು ಸರ್, ಗ್ರಂಥಾಲಯಕ್ಕೆ ಪಾವತಿಯ ಕಾಲಂ ಸೇರಿಸಿದ್ದೇನೆ. ದಿನಾಂಕ ಬೇರೆ ಮಾಡಲು ಒಪ್ಪಿಗೆ ಸಿಕ್ಕಿಲ್ಲ. ನೀವು ಬಿಲ್ ಡಿಸೆಂಬರಿನಲ್ಲೇ ಲೆಕ್ಕ ಶಾಖೆಗೆ ಕಳುಹಿಸುತ್ತೀರೋ, ಪತ್ರಿಕೆಯ ಮೊದಲ ಸಂಚಿಕೆ ಬಂದ ಮೇಲೋ? ಅದರ ಮೇಲೆ ನಮ್ಮ ಗ್ರಂಥಪಾಲಕರ ಹತ್ತಿರ ಮಾತಾಡಬೇಕು.

ಪುಸ್ತಕದ ಕಪಾಟು

ಬಿಲ್ ಬಂದ ದಿನವೇ ಕಳುಹಿಸುತ್ತೇನೆ. ಮುಂಗಡ ಹಣ ಸಿಗದೆ ಅವರು ಸಂಚಿಕೆ ಕಳುಹಿಸುವುದಿಲ್ಲ. ನಿಮ್ಮ ಗ್ರಂಥಪಾಲಕರು ಏಜೆಂಟರ ಮೂಲಕ ತರಿಸುವವರಾದರೆ ಏಜೆಂಟರ ಬಿಲ್ಲಿನ ದಿನಾಂಕವನ್ನೇ ಹಿಡಿಯಿರಿ, ಪ್ರಕಾಶಕರದ್ದನ್ನಲ್ಲ.